ಕ್ಯೂ-ಮೌಲ್ಯ 511 ತಪ್ಪಿದರೆ ಎಲ್ಲಿ ಹುಡುಕಬೇಕು

ವೇಗವರ್ಧಕದಲ್ಲಿ ಪ್ರಯೋಗ ಮಾಡಬಯಸುವವರ ಲೆಕ್ಕದ ಹಾಳೆಗಳನ್ನು ಪರಿಶೀಲಿಸುವುದು ನನ್ನ ಕೆಲಸದ ಒಂದು ಭಾಗ. ಬೈಜಿಕ ಕ್ರಿಯೆಯಲ್ಲಿ ಹೊರಬರುವ ಅಥವಾ ಅದಕ್ಕೆ ಬೇಕಾಗುವ ಶಕ್ತಿಯೇ ಕ್ಯೂ-ಮೌಲ್ಯ, ಬೇಕಾಗುವುದಾದರೆ ಅದು ಋಣ. ಅದು ತಪ್ಪಿದ್ದರೆ ನಾನು ಮೊದಲು ನೋಡುವುದು ಎಷ್ಟು ತಪ್ಪಿದೆ ಎಂಬುದನ್ನು. ವ್ಯತ್ಯಾಸ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕೆಇವಿ) ಅಥವಾ ಅದರ ಎರಡರಷ್ಟಾದ 1022 ಆಗಿದ್ದರೆ ಮುಂದೆ ಹುಡುಕುವ ಅಗತ್ಯವೇ ಇಲ್ಲ. 511 ಕೆಇವಿ ಎಂದರೆ ಒಂದು ಎಲೆಕ್ಟ್ರಾನಿನ ದ್ರವ್ಯರಾಶಿಗೆ ಸಮನಾದ ಶಕ್ತಿ, ಹಾಗಾಗಿ ಎಲ್ಲೋ ಒಂದೋ ಎರಡೋ ಎಲೆಕ್ಟ್ರಾನ್ ಲೆಕ್ಕದಿಂದ ಬಿಟ್ಟುಹೋಗಿದೆ, ಇಲ್ಲವೇ ಎರಡು ಸಲ ಸೇರಿದೆ.

ಇತ್ತೀಚೆಗೆ ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬರು ಲಿಥಿಯಂ ಗುರಿಯ ಮೇಲೆ ಪ್ರೋಟಾನ್ ಕಿರಣ ಹಾಯಿಸುವ ಪ್ರಸ್ತಾವ ತಂದರು. ಲಿಥಿಯಂ-7ಕ್ಕೆ ಪ್ರೋಟಾನ್ ಬಡಿದು ನ್ಯೂಟ್ರಾನ್ ಹೊರಬಂದರೆ ಬೆರಿಲಿಯಂ-7 ಉಳಿಯುತ್ತದೆ. ಹಾಳೆಯಲ್ಲಿ ಕ್ಯೂ-ಮೌಲ್ಯ −2155 ಕೆಇವಿ ಎಂದಿತ್ತು. ಸರಿಯಾದದ್ದು −1644. ವ್ಯತ್ಯಾಸ 511.

ತಪ್ಪು ನುಸುಳಿದ ದಾರಿ ತೀರಾ ಸಹಜವಾದದ್ದು. ಪರಮಾಣು ದ್ರವ್ಯರಾಶಿಯ ಕೋಷ್ಟಕ ತೆರೆದರೆ ಅದರಲ್ಲಿ ಪ್ರೋಟಾನ್ ಎಂಬ ಸಾಲೇ ಇರುವುದಿಲ್ಲ. ನ್ಯೂಟ್ರಾನ್ ಇದೆ, ಅದರ ನಂತರ ಹೈಡ್ರೋಜನ್-1 ಇದೆ. ಹುಡುಕಿದ್ದು ಸಿಗದಿದ್ದಾಗ ಜನ ಭೌತ ಸ್ಥಿರಾಂಕಗಳ ಪಟ್ಟಿಗೆ ಹೋಗಿ ಪ್ರೋಟಾನಿನ ದ್ರವ್ಯರಾಶಿ 1.007276 ತಂದು ಹಾಕುತ್ತಾರೆ. ಉಳಿದ ಸಂಖ್ಯೆಗಳು ಕೋಷ್ಟಕದವು. ಒಂದೇ ಸಮೀಕರಣದಲ್ಲಿ ಒಂದು ಬೆತ್ತಲೆ ಬೀಜಕೇಂದ್ರ, ಉಳಿದವು ಎಲೆಕ್ಟ್ರಾನ್ ಸಮೇತ ಇರುವ ಪರಮಾಣುಗಳು. ಎರಡು ಕಡೆಯ ಸಂಖ್ಯೆಗಳೂ ತಮ್ಮಷ್ಟಕ್ಕೆ ಸರಿಯೇ ಆಗಿರುವುದರಿಂದ ಹಾಳೆಯನ್ನು ಎಷ್ಟು ಸಲ ಓದಿದರೂ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ದ್ರವ್ಯರಾಶಿ ಬರೆಯುವ ಮೊದಲು ಎಲೆಕ್ಟ್ರಾನ್‌ಗಳನ್ನು ಎಣಿಸಿ ಎಂದು ನಾನು ಹೇಳುತ್ತೇನೆ. ಎಡಗಡೆ ಹೈಡ್ರೋಜನ್ ಪರಮಾಣುವಿನದು ಒಂದು, ಲಿಥಿಯಂನದು ಮೂರು, ಒಟ್ಟು ನಾಲ್ಕು. ಬಲಗಡೆ ನ್ಯೂಟ್ರಾನಿಗೆ ಏನೂ ಇಲ್ಲ, ಬೆರಿಲಿಯಂನದು ನಾಲ್ಕು. ಸಮವಾಯಿತು. ಇನ್ನು ಎಲೆಕ್ಟ್ರಾನ್ ದ್ರವ್ಯರಾಶಿಯನ್ನು ಎಲ್ಲಿಯೂ ಕೂಡಿಸಬೇಕಿಲ್ಲ, ಕಳೆಯಬೇಕಿಲ್ಲ. ಹೈಡ್ರೋಜನ್ ಬದಲು ಪ್ರೋಟಾನ್ ಹಾಕಿದ್ದರೆ ಎಡಗಡೆ ಮೂರೇ ಇರುತ್ತಿದ್ದವು, ಲೆಕ್ಕ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು.

```
1.007825 + 7.016003 - 1.008665 - 7.016929 = -0.001766 u
-0.001766 × 931.494 MeV ≈ -1.645 MeV
```

ಇಲ್ಲಿ u ಎಂದರೆ ಪರಮಾಣು ದ್ರವ್ಯರಾಶಿಯ ಏಕಮಾನ, ಒಂದು u 931.494 MeVಗೆ ಸಮ, ಒಂದು MeV ಎಂದರೆ ಸಾವಿರ ಕೆಇವಿ. ಆರು ದಶಮಾಂಶಗಳಿಗೆ ನಿಲ್ಲಿಸಿದ್ದರಿಂದ ಕೊನೆಯ ಅಂಕಿ ಸ್ವಲ್ಪ ಅಲುಗಿದೆ. ಇದೇ ಕಾರಣಕ್ಕೆ ಪೂರ್ಣ ದ್ರವ್ಯರಾಶಿಗಿಂತ ಕೋಷ್ಟಕದ ಇನ್ನೊಂದು ಅಂಕಣ, ಅಂದರೆ ದ್ರವ್ಯರಾಶಿಗೂ ದ್ರವ್ಯರಾಶಿ ಸಂಖ್ಯೆಗೂ ಇರುವ ವ್ಯತ್ಯಾಸವನ್ನು ಕೆಇವಿಯಲ್ಲಿ ಕೊಡುವ ಅಂಕಣ, ನನಗೆ ಹೆಚ್ಚು ಇಷ್ಟ. ಹೈಡ್ರೋಜನ್ 7289.0, ಲಿಥಿಯಂ-7 14907.1, ನ್ಯೂಟ್ರಾನ್ 8071.3, ಬೆರಿಲಿಯಂ-7 15769.0. ಮೊದಲೆರಡನ್ನು ಕೂಡಿಸಿ ಕೊನೆಯೆರಡನ್ನು ಕಳೆದರೆ −1644.2. ಅದೂ ಪರಮಾಣುವಿನ ಸಂಖ್ಯೆಯೇ, ಆದ್ದರಿಂದ ಎಣಿಕೆಯ ನಿಯಮ ಬದಲಾಗುವುದಿಲ್ಲ.

511 ಕೆಇವಿ ದೊಡ್ಡ ವಿಷಯವೇ ಎಂದು ಕೇಳುವವರಿದ್ದಾರೆ. ಈ ಕ್ರಿಯೆ ಶುರುವಾಗಲು ಪ್ರೋಟಾನಿಗೆ ಬೇಕಾದ ಕನಿಷ್ಠ ಶಕ್ತಿ ತಿಳಿಯಲು ಕ್ಯೂ-ಮೌಲ್ಯವನ್ನು ಸುಮಾರು 1.1437ರಿಂದ ಗುಣಿಸಬೇಕು. ಗುರಿಯೂ ಹಿಂದಕ್ಕೆ ಒದೆ ತಿನ್ನುವುದರಿಂದ ಕಿರಣದ ಶಕ್ತಿಯೆಲ್ಲ ಕ್ರಿಯೆಗೆ ಸಿಗುವುದಿಲ್ಲ, ಅದಕ್ಕಾಗಿ ಈ ಗುಣಕ. ಸರಿಯಾದ ಉತ್ತರ 1880 ಕೆಇವಿ. ಇದು ಚೆನ್ನಾಗಿ ಅಳೆದ ಸಂಖ್ಯೆ. ಎಷ್ಟೋ ಪ್ರಯೋಗಾಲಯಗಳಲ್ಲಿ ಕಿರಣದ ಶಕ್ತಿಯನ್ನು ಸರಿಹೊಂದಿಸಲು ಇದನ್ನೇ ಗುರುತಾಗಿ ಬಳಸುತ್ತಾರೆ. ತಪ್ಪು ಹಾಳೆಯ ಪ್ರಕಾರ ಅದು 2465. ಅದನ್ನು ನಂಬಿದವರು 2000 ಕೆಇವಿಯ ಕಿರಣ ಹಾಯಿಸಿ, ನ್ಯೂಟ್ರಾನ್ ಹುಟ್ಟುವ ಪ್ರಶ್ನೆಯೇ ಇಲ್ಲವೆಂದು ಗಾಮಾ ಮಾಪಕ ಮಾತ್ರ ಇಟ್ಟುಕೊಂಡು ಕೂರುತ್ತಾರೆ. ನ್ಯೂಟ್ರಾನ್ ಮಾತ್ರ ಬರುತ್ತಲೇ ಇರುತ್ತದೆ. ವಿಕಿರಣ ಸುರಕ್ಷತೆಯವರು ಇದನ್ನು ಅಂಕಗಣಿತದ ಸಣ್ಣ ತಪ್ಪು ಎಂದು ಬಿಟ್ಟುಬಿಡುವುದಿಲ್ಲ, ಬಿಡಲೂಬಾರದು.

ಪೊಸಿಟ್ರಾನ್ ಹೊರಬಂದಾಗ ಮಾತ್ರ ಎಣಿಕೆ ತಾನಾಗಿ ಸಮವಾಗುವುದಿಲ್ಲ. ಸೋಡಿಯಂ-22 ಪೊಸಿಟ್ರಾನ್ ಉಗುಳಿ ನಿಯಾನ್-22 ಆಗುತ್ತದೆ. ಎಡಗಡೆಯ ಸೋಡಿಯಂ ಪರಮಾಣುವಿನಲ್ಲಿ ಹನ್ನೊಂದು ಎಲೆಕ್ಟ್ರಾನ್‌ಗಳು. ಬಲಗಡೆಯ ನಿಯಾನ್ ಪರಮಾಣು ಹತ್ತನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಒಂದು ಎಲೆಕ್ಟ್ರಾನ್ ಹೆಚ್ಚಾಗಿ ಉಳಿಯಿತು, ಜೊತೆಗೆ ಅಷ್ಟೇ ತೂಕದ ಪೊಸಿಟ್ರಾನ್ ಹೊಸದಾಗಿ ಹುಟ್ಟಿತು. ಎರಡರ ವೆಚ್ಚವೂ ಈ ಎರಡು ಪರಮಾಣುಗಳ ದ್ರವ್ಯರಾಶಿಯ ವ್ಯತ್ಯಾಸದಿಂದಲೇ ಹೋಗಬೇಕು. ಆದ್ದರಿಂದ 1022 ಕಳೆಯಬೇಕು, 511 ಅಲ್ಲ. ಪರಮಾಣುಗಳ ವ್ಯತ್ಯಾಸ 2843 ಕೆಇವಿ, 1022 ಕಳೆದರೆ 1821. ಈ ಕ್ಷಯ ಬಹುಪಾಲು ನಿಯಾನಿನ 1274.5 ಕೆಇವಿ ಮಟ್ಟಕ್ಕೆ ಹೋಗುವುದರಿಂದ ಅದನ್ನೂ ಕಳೆದರೆ ಸುಮಾರು 547 ಉಳಿಯುತ್ತದೆ. ಪತ್ತೆಕಾರಿಯಲ್ಲಿ ಪೊಸಿಟ್ರಾನಿನ ರೋಹಿತ ಕೊನೆಯಾಗುವುದೂ ಅಲ್ಲಿಯೇ. ಒಂದೇ ಎಲೆಕ್ಟ್ರಾನ್ ಕಳೆದವರಿಗೆ ಆ ಅಂಚು 1058ರ ಹತ್ತಿರ ಕಾಣಬೇಕಿತ್ತು.

ಇದನ್ನು ಕಲಿತವರು ಎಲೆಕ್ಟ್ರಾನ್ ಉಗುಳುವ ಸಾಮಾನ್ಯ ಬೀಟಾ ಕ್ಷಯದಲ್ಲಿಯೂ ಒಂದು 511 ಕಳೆಯಲು ಕೈ ಹಾಕುತ್ತಾರೆ. ಅಲ್ಲಿ ಏನನ್ನೂ ಕಳೆಯಬಾರದು. ಮರಿ ಪರಮಾಣುವಿಗೆ ಒಂದು ಎಲೆಕ್ಟ್ರಾನ್ ಹೆಚ್ಚು ಬೇಕು, ಕೋಷ್ಟಕದ ಸಂಖ್ಯೆಯಲ್ಲಿ ಅದು ಆಗಲೇ ಸೇರಿದೆ, ಹೊರಬಂದ ಎಲೆಕ್ಟ್ರಾನಿನ ಲೆಕ್ಕ ಅದರಲ್ಲಿಯೇ ತೀರಿಹೋಗುತ್ತದೆ.

ಲಿಥಿಯಂ ಗುರಿಗೆ ಮರಳಿದರೆ, ಅಲ್ಲಿ ಹುಟ್ಟಿದ ಬೆರಿಲಿಯಂ-7ಕ್ಕೂ ಲಿಥಿಯಂ-7ಕ್ಕೂ ಇರುವ ಅಂತರ 862 ಕೆಇವಿ. ಇದು 1022ಕ್ಕಿಂತ ಕಡಿಮೆ. ಹಾಗಾಗಿ ಬೆರಿಲಿಯಂ-7 ಪೊಸಿಟ್ರಾನ್ ಉಗುಳಲಾರದು, ತನ್ನದೇ ಎಲೆಕ್ಟ್ರಾನನ್ನು ಒಳಗೆಳೆದುಕೊಂಡು ಮಾತ್ರ ಲಿಥಿಯಂ ಆಗಬಲ್ಲದು. ಬಳಸಿದ ಗುರಿಯನ್ನು ಪತ್ತೆಕಾರಿಯ ಮುಂದಿಟ್ಟರೆ 477.6 ಕೆಇವಿಯ ಗಾಮಾ ಗೆರೆ ಕಾಣುವುದು ಇದರಿಂದಲೇ. ಅದನ್ನು ಪೊಸಿಟ್ರಾನ್ ಎಲೆಕ್ಟ್ರಾನಿನೊಂದಿಗೆ ಸೇರಿ ನಾಶವಾದಾಗ ಬರುವ 511ರ ಗೆರೆ ಎಂದು ತಪ್ಪಾಗಿ ಓದಿ, ಪೊಸಿಟ್ರಾನ್ ಇದೆ ಎಂದು ಬರೆದವರಿಗೆ ಮೇಲಿನ ಒಂದು ಕಳೆಯುವ ಲೆಕ್ಕ ತೋರಿಸಿದರೆ ಸಾಕು.

ಎಲ್ಲವನ್ನೂ ಬೆತ್ತಲೆ ಬೀಜಕೇಂದ್ರಗಳಿಗೆ ಪರಿವರ್ತಿಸಿ ಲೆಕ್ಕ ಮಾಡಿದರೆ ಗೊಂದಲವೇ ಇರುವುದಿಲ್ಲವಲ್ಲ ಎಂಬ ವಾದವನ್ನೂ ಕೇಳಿದ್ದೇನೆ. ಹಗುರ ಧಾತುಗಳಲ್ಲಿ ಅದು ನಡೆದುಹೋಗುತ್ತದೆ. ಹೈಡ್ರೋಜನಿನ ಎಲೆಕ್ಟ್ರಾನನ್ನು ಕಟ್ಟಿಹಿಡಿದ ಶಕ್ತಿ 13.6 ಎಲೆಕ್ಟ್ರಾನ್ ವೋಲ್ಟ್ ಅಷ್ಟೇ. ಆದರೆ ಸೀಸದ 82 ಎಲೆಕ್ಟ್ರಾನ್‌ಗಳ ಒಟ್ಟು ಬಂಧನ ಶಕ್ತಿ ಸುಮಾರು 570 ಕೆಇವಿ, ಪೊಲೋನಿಯಂನದು ಅದಕ್ಕಿಂತ ಮೂವತ್ತಕ್ಕೂ ಹೆಚ್ಚು ಕೆಇವಿ ಜಾಸ್ತಿ. ಎಲೆಕ್ಟ್ರಾನ್ ದ್ರವ್ಯರಾಶಿಗಳನ್ನು ಮಾತ್ರ ಕಳೆದು ಪೊಲೋನಿಯಂ-210 ಸೀಸವಾಗುವ ಆಲ್ಫಾ ಕ್ಷಯದಲ್ಲಿ ಬೆತ್ತಲೆ ಬೀಜಕೇಂದ್ರಗಳು ಸಿಕ್ಕವು ಎಂದುಕೊಂಡರೆ, ಆ ಮೂವತ್ತು ಚಿಲ್ಲರೆ ಕೆಇವಿಯ ಹೆಸರಿಲ್ಲದ ವ್ಯತ್ಯಾಸವೊಂದು ನಿಮ್ಮ ಲೆಕ್ಕದಲ್ಲಿ ಅಡಗಿರುತ್ತದೆ. ಹೀಲಿಯಂ-4 ಪರಮಾಣುವನ್ನೇ ಇಟ್ಟು ನೇರವಾಗಿ ಕಳೆದರೆ 5407 ಕೆಇವಿ ಬರುತ್ತದೆ. ಹೀಲಿಯಂ ಬದಲು ಆಲ್ಫಾ ಕಣದ ದ್ರವ್ಯರಾಶಿ ಹಾಕಿದರೆ ಮತ್ತದೇ 1022 ಹೆಚ್ಚಾಗಿ 6429 ಕಾಣುತ್ತದೆ.

ಕೋಷ್ಟಕ ಹೇಳುವುದು ತಟಸ್ಥ ಪರಮಾಣುಗಳ ಮಾತನ್ನು ಮಾತ್ರ. ಅದರ ಪ್ರಕಾರ ಡಿಸ್ಪ್ರೋಸಿಯಂ-163 ಸ್ಥಿರ, ಹೋಲ್ಮಿಯಂ-163 ಅದಕ್ಕಿಂತ ಸುಮಾರು 2.8 ಕೆಇವಿ ಭಾರ. ಆದರೆ 1992ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಡಿಸ್ಪ್ರೋಸಿಯಂನ ಎಲ್ಲ ಎಲೆಕ್ಟ್ರಾನ್‌ಗಳನ್ನೂ ಕಿತ್ತು ಸಂಗ್ರಹ ಉಂಗುರದಲ್ಲಿ ಸುತ್ತಿಸಿದಾಗ ಅದು ಕ್ಷಯಿಸಿತು. ಹುಟ್ಟಿದ ಎಲೆಕ್ಟ್ರಾನ್ ಖಾಲಿ ಇದ್ದ ಒಳಗಿನ ಕವಚದಲ್ಲಿಯೇ ನೆಲೆಯೂರಿದ್ದರಿಂದ ಅದರ ಬಂಧನ ಶಕ್ತಿ ಕೈಗೆ ಸಿಕ್ಕಿ, ಋಣವಾಗಿದ್ದ ಕ್ಯೂ-ಮೌಲ್ಯ ಸುಮಾರು 50 ಕೆಇವಿಯಷ್ಟು ಧನವಾಗಿತ್ತು. ಅಂಥ ಅಯಾನುಗಳ ಪ್ರಸ್ತಾವ ಬಂದಾಗ ಎಲೆಕ್ಟ್ರಾನ್ ಎಣಿಕೆಯ ಪಕ್ಕದಲ್ಲಿ ಬಂಧನ ಶಕ್ತಿಗೂ ಒಂದು ಅಂಕಣ ಹಾಕಿಸುತ್ತೇನೆ.