ಪಿವಟ್ ಸರಿಯಾಗೇ ಸಿಕ್ಕಿತ್ತು, ಬೇಸಿಸ್ ಮಾತ್ರ ತಪ್ಪಾಗಿತ್ತು

ಕೆಲಸಕ್ಕೆ ಸೇರಿ ಎರಡನೇ ತಿಂಗಳಲ್ಲಿ ಮಾಡಿದ ಎಡವಟ್ಟು ಇದು. ನೀರಿನ ಟ್ಯಾಂಕ್‌ಗಳ ಮೀಟರ್ ರೀಡಿಂಗ್ ನೋಡ್ಕೊಳ್ಳೋ ಡೇಟಾ ಟೀಮ್‌ನಲ್ಲಿದ್ದೆ. ಪ್ರತಿ ಟ್ಯಾಂಕ್‌ಗೂ ಐದು ಕಾಲಂ: ಒಂದನೇ ಪೈಪಿಂದ ಒಳಗೆ ಬಂದಿದ್ದು, ಎರಡನೇ ಪೈಪಿಂದ ಬಂದಿದ್ದು, ಒಟ್ಟು ಒಳಹರಿವು, ಹೊರಹರಿವು, ಕೊನೇಲಿ ಉಳಿಕೆ. ಇಷ್ಟೂ ಕಾಲಂ ಇಟ್ಕೊಳ್ಳೋ ಅಗತ್ಯ ಇದ್ಯಾ, ಯಾವುದನ್ನ ಬಿಟ್ರೂ ಮಾಹಿತಿ ಹೋಗಲ್ಲ ಅಂತ ಕಂಡುಹಿಡಿ ಅಂದ್ರು ನಮ್ಮ ಟೀಮ್ ಮೇಡಂ. ಈ ಐದಕ್ಕಾದ್ರೆ ಕಣ್ಣಲ್ಲೇ ಹೇಳಬಹುದು, ಆದ್ರೆ ನಲವತ್ತು ಕಾಲಂ ಇರೋ ಟೇಬಲ್‌ಗಳೂ ಇದ್ವು, ಕಾಲಂಗಳ ಹೆಸರು ನೋಡಿದ್ರೆ ಏನೂ ಗೊತ್ತಾಗ್ತಿರಲಿಲ್ಲ, ಹಾಗಾಗಿ ಸ್ಕ್ರಿಪ್ಟೇ ಬೇಕಿತ್ತು.

ಕಾಲೇಜಲ್ಲಿ ಓದಿದ್ದು ನೆನಪಿತ್ತು. ಕಾಲಂ ಸ್ಪೇಸ್ ಅಂದ್ರೆ ಕಾಲಂಗಳನ್ನ ಸಂಖ್ಯೆಗಳಿಂದ ಗುಣಿಸಿ ಕೂಡಿಸಿ ಹುಟ್ಟಿಸಬಹುದಾದ ಎಲ್ಲಾ ವೆಕ್ಟರ್‌ಗಳು, ನಲ್ ಸ್ಪೇಸ್ ಅಂದ್ರೆ ಹಾಗೆ ಗುಣಿಸಿ ಕೂಡಿಸಿದಾಗ ಸೊನ್ನೆ ಬರಿಸೋ ಸಂಖ್ಯೆಗಳ ಪಟ್ಟಿಗಳು, ಬೇಸಿಸ್ ಅಂದ್ರೆ ಒಂದು ಸ್ಪೇಸನ್ನ ಪೂರ್ತಿ ಹುಟ್ಟಿಸೋಕೆ ಬೇಕಾಗೋ ಕನಿಷ್ಠ ವೆಕ್ಟರ್‌ಗಳ ಗುಂಪು. ಕಾಲಂ ಸ್ಪೇಸ್‌ಗೆ ಬೇಸಿಸ್ ಹುಡುಕಿದ್ರೆ ಇಟ್ಕೋಬೇಕಾದ ಕಾಲಂಗಳು ಸಿಗುತ್ವೆ, ನಲ್ ಸ್ಪೇಸ್‌ಗೆ ಬೇಸಿಸ್ ಹುಡುಕಿದ್ರೆ ಬಿಟ್ಟ ಕಾಲಂನ ಹೇಗೆ ವಾಪಸ್ ಲೆಕ್ಕ ಹಾಕೋದು ಅನ್ನೋದು ಸಿಗುತ್ತೆ. ಅರ್ಧ ದಿನದಲ್ಲಿ ಸ್ಕ್ರಿಪ್ಟ್ ಬರೆದೆ, ಓಡಿಸ್ದೆ, ಔಟ್‌ಪುಟ್ ಫೈಲ್ ತೆರೆದೂ ನೋಡದೆ ಕಳಿಸ್ಬಿಟ್ಟೆ. ಮಧ್ಯಾಹ್ನ ಮೇಡಂ ಕರೆದು ಕೇಳಿದ್ದು ಒಂದೇ ಪ್ರಶ್ನೆ: "ಏನಪ್ಪಾ, ಮೊದಲ ಮೂರು ಗಂಟೆ ಆದ್ಮೇಲೆ ಎಲ್ಲಾ ಮೀಟರೂ ಕೆಟ್ಟು ನಿಂತಿದ್ವಾ?" ಫೈಲ್ ತುಂಬಾ ಸೊನ್ನೆ!

ಏನಾಗಿತ್ತು ಅಂತ ಸಣ್ಣ ಮ್ಯಾಟ್ರಿಕ್ಸ್ ಇಟ್ಕೊಂಡು ಹೇಳ್ತೀನಿ. ಅಸಲಿ ಡೇಟಾ ಅಲ್ಲ, ಕೈಯಲ್ಲೇ ಮಾಡೋಕಾಗ್ಲಿ ಅಂತ ನಾನೇ ಆರಿಸಿದ ಅಂಕಿಗಳು. ನಾಲ್ಕು ರೋ ಅಂದ್ರೆ ನಾಲ್ಕು ಗಂಟೆ, ಐದು ಕಾಲಂ ಅಂದ್ರೆ ಮೇಲೆ ಹೇಳಿದ ಐದು ರೀಡಿಂಗ್, ಅದೇ ಕ್ರಮದಲ್ಲಿ.

```
     c1 c2 c3 c4 c5
A =   1  2  3  1  2
      2  4  6  3  3
      1  3  4  2  2
      3  5  8  2  6
```

ಎರಡನೇ ರೋಯಿಂದ ಮೊದಲನೇದರ ಎರಡರಷ್ಟು ಕಳೀರಿ, ಮೂರನೇದರಿಂದ ಮೊದಲನೇದನ್ನ, ನಾಲ್ಕನೇದರಿಂದ ಮೊದಲನೇದರ ಮೂರರಷ್ಟು. ಆಗ ಉಳಿಯೋದು (0 0 0 1 -1), (0 1 1 1 0), (0 -1 -1 -1 0). ಎರಡನೇ ಮತ್ತೆ ಮೂರನೇ ರೋ ಅದಲು ಬದಲು ಮಾಡಿ, ನಾಲ್ಕನೇದಕ್ಕೆ ಈಗಿನ ಎರಡನೇದನ್ನ ಕೂಡಿಸಿದ್ರೆ ಪೂರ್ತಿ ಸೊನ್ನೆ ಆಗೋಗುತ್ತೆ. ಆಮೇಲೆ ಪ್ರತಿ ರೋನಲ್ಲಿ ಎಡದಿಂದ ಮೊದಲು ಸಿಗೋ ಸೊನ್ನೆಯಲ್ಲದ ಸಂಖ್ಯೆಗಳ, ಅಂದ್ರೆ ಪಿವಟ್‌ಗಳ ಮೇಲಿರೋದನ್ನೂ ಸೊನ್ನೆ ಮಾಡಿದ್ರೆ ಇದು ಬರುತ್ತೆ:

```
R =   1  0  1  0  1
      0  1  1  0  1
      0  0  0  1 -1
      0  0  0  0  0
```

ಪಿವಟ್ ಇರೋದು 1, 2, 4ನೇ ಕಾಲಂಗಳಲ್ಲಿ. ಮೂರು ಪಿವಟ್, ಅಂದ್ರೆ ರ‍್ಯಾಂಕ್ 3, ಕಾಲಂ ಸ್ಪೇಸ್‌ನ ಡೈಮೆನ್ಶನ್ 3. ಇಲ್ಲೀವರೆಗೂ ನನ್ನ ಸ್ಕ್ರಿಪ್ಟ್ ಸರಿಯಾಗೇ ಇತ್ತು. ಮುಂದಿನ ಒಂದು ಲೈನಲ್ಲಿ R ನ 1, 2, 4ನೇ ಕಾಲಂ ಎತ್ಕೊಂಡು ಬೇಸಿಸ್ ಅಂತ ಸೇವ್ ಮಾಡಿದ್ದೆ, ಎತ್ಕೋಬೇಕಾಗಿದ್ದು A ನ 1, 2, 4ನೇ ಕಾಲಂ.

R ನ ಕಾಲಂ ತಗೊಂಡ್ರೆ ಸಿಗೋದು (1,0,0,0), (0,1,0,0), (0,0,1,0). ಮೂರರಲ್ಲೂ ಕೊನೇ ಸಂಖ್ಯೆ ಸೊನ್ನೆ, ಹಾಗಾಗಿ ಇವನ್ನ ಹೆಂಗೆ ಕೂಡಿಸಿ ಗುಣಿಸಿದ್ರೂ ಕೊನೇ ಸಂಖ್ಯೆ ಸೊನ್ನೆಯೇ. A ನ ಮೊದಲ ಕಾಲಂ (1,2,1,3), ಕೊನೇದು 3. ಅಂದ್ರೆ ನನ್ನ "ಬೇಸಿಸ್"ನಿಂದ ಮೊದಲನೇ ಮೀಟರ್ ರೀಡಿಂಗೇ ಹುಟ್ಟಲ್ಲ. A ನಲ್ಲಿ ನಾಲ್ಕನೇ ರೋ ಅಂದ್ರೆ ಮೊದಲನೇದರ ನಾಲ್ಕರಷ್ಟರಿಂದ ಮೂರನೇದನ್ನ ಕಳೆದಿದ್ದು, ಹಾಗಾಗಿ ಈ ಕಾಲಂ ಸ್ಪೇಸ್‌ನಲ್ಲಿ ಇರೋ ಪ್ರತಿ ವೆಕ್ಟರ್‌ಗೂ y4 = 4y1 - y3 ಆಗಲೇಬೇಕು. (1,0,0,0) ಹಾಕಿ ನೋಡಿ, 0 = 4 ಬರುತ್ತೆ. ಮಜಾ ಏನಂದ್ರೆ (0,1,0,0) ಹಾಕಿದ್ರೆ ಸರಿಹೋಗುತ್ತೆ, ಅದು ಕಾಲಂ ಸ್ಪೇಸ್ ಒಳಗೇ ಇದೆ. ಒಂದೇ ಒಂದು ವೆಕ್ಟರ್ ಚೆಕ್ ಮಾಡಿ ಸರಿ ಅಂದ್ಕೊಳ್ಳೋರು ಇಲ್ಲೇ ಮೋಸ ಹೋಗೋದು. ಡೈಮೆನ್ಶನ್ ಬೇರೆ ಎರಡು ಕಡೆನೂ 3 ಬರುತ್ತಲ್ಲ, ಎಣಿಕೆ ನೋಡಿದ್ರೆ ತಪ್ಪು ಕಾಣಿಸೋದೇ ಇಲ್ಲ.

ಇದು ಯಾಕೆ ಹೀಗೆ ಅಂತ ಮೇಡಂ ಬೋರ್ಡ್ ಮೇಲೆ ಬರೆದು ತೋರಿಸಿದ್ದು ಇವತ್ತಿಗೂ ನೆನಪಿದೆ. ರೋ ಆಪರೇಷನ್ ಮಾಡಿದ್ರೆ Ax = 0 ಗೂ Rx = 0 ಗೂ ಉತ್ತರಗಳು ಒಂದೇ ಆಗಿರುತ್ವೆ. Ax ಅಂದ್ರೆ ಏನು, A ನ ಕಾಲಂಗಳನ್ನ x ನಲ್ಲಿರೋ ಸಂಖ್ಯೆಗಳಿಂದ ಗುಣಿಸಿ ಕೂಡಿಸಿದ್ದು ಅಷ್ಟೇ ತಾನೇ. ಹಾಗಾದ್ರೆ ಕಾಲಂಗಳ ನಡುವೆ ಇರೋ ಸಂಬಂಧ ಉಳಿಯುತ್ತೆ, ಕಾಲಂಗಳು ಉಳಿಯಲ್ಲ. "R ಹೇಳೋದು ಯಾರ್ಯಾರು ನೆಂಟರು ಅಂತ ಮಾತ್ರ, ಆ ಜನ ಇರೋದು A ಮನೇಲಿ" ಅಂದ್ರು. R ನಲ್ಲಿ ಮೂರನೇ ಕಾಲಂ ಮೊದಲೆರಡರ ಮೊತ್ತ ಅಂತ ಕಣ್ಣಿಗೇ ಕಾಣುತ್ತೆ, A ನಲ್ಲೂ ಅದು ಹಾಗೇ, ಒಟ್ಟು ಒಳಹರಿವು ಅಂದ್ರೆ ಎರಡು ಪೈಪಿನ ಮೊತ್ತ.

ನಲ್ ಸ್ಪೇಸ್‌ಗೆ ಮಾತ್ರ R ಸಾಕು. ಪಿವಟ್ ಇಲ್ಲದ ಕಾಲಂ 3 ಮತ್ತು 5, ಹಾಗಾಗಿ x3, x5 ನಮ್ಮಿಷ್ಟ. ಮೂರು ರೋ ಓದಿದ್ರೆ x1 = -x3 - x5, x2 = -x3 - x5, x4 = x5. ಮೊದಲು x3 = 1, x5 = 0 ಇಟ್ರೆ (-1,-1,1,0,0). ಆಮೇಲೆ x3 = 0, x5 = 1 ಇಟ್ರೆ (-1,-1,0,1,1). ಇವೆರಡೇ ಬೇಸಿಸ್, ಡೈಮೆನ್ಶನ್ 2. ಮೊದಲನೇದು ಹೇಳೋದು c3 = c1 + c2. ಎರಡನೇದು ಹೇಳೋದು c5 = c1 + c2 - c4, ಅಂದ್ರೆ ಬಂದಿದ್ದರಲ್ಲಿ ಹೋಗಿದ್ದು ಕಳೆದ್ರೆ ಉಳಿಕೆ. ಯಾರೂ ಹೇಳದೇ ಇದ್ರೂ ಟೇಬಲ್ಲೇ ತನ್ನ ಫಾರ್ಮುಲಾ ಬಾಯ್ಬಿಡ್ತು ನೋಡಿ.

ನಾನು ರಿಪೋರ್ಟಲ್ಲಿ ನಲ್ ಸ್ಪೇಸ್ ಡೈಮೆನ್ಶನ್ 1 ಅಂತ ಬೇರೆ ಬರೆದಿದ್ದೆ, ನಾಲ್ಕು ರೋ ಇದೆ, ರ‍್ಯಾಂಕ್ 3, ಉಳಿದಿದ್ದು 1 ಅಂತ. ಚೌಕ ಮ್ಯಾಟ್ರಿಕ್ಸ್ ಮಾಡಿ ಮಾಡಿ ಬಂದ ಅಭ್ಯಾಸ, ಅಲ್ಲಿ ರೋ ಕಾಲಂ ಎರಡೂ ಒಂದೇ ಸಂಖ್ಯೆ, ಯಾವುದರಿಂದ ಕಳೆದ್ರೂ ನಡೆಯುತ್ತೆ. ಇಲ್ಲಿ ಕಳೀಬೇಕಾಗಿದ್ದು ಕಾಲಂ ಎಣಿಕೆಯಿಂದ, 5 - 3 = 2. ನಲ್ ಸ್ಪೇಸ್ ವೆಕ್ಟರ್‌ನಲ್ಲಿ ಐದು ಸಂಖ್ಯೆ ಇರುತ್ವೆ, ಕಾಲಂ ಸ್ಪೇಸ್ ವೆಕ್ಟರ್‌ನಲ್ಲಿ ನಾಲ್ಕು, ಎರಡೂ ಬೇರೆ ಬೇರೆ ಲೋಕದಲ್ಲಿ ಇರೋ ವಸ್ತುಗಳು. ಬರೆದ ವೆಕ್ಟರ್ ಉದ್ದ ನೋಡಿದ್ರೇನೇ ಅರ್ಧ ತಪ್ಪು ಸಿಕ್ಕಿಬೀಳುತ್ತೆ.

ತಿದ್ದಿದ ಸ್ಕ್ರಿಪ್ಟಿನ ತಿರುಳು ಇಷ್ಟೇ:

```python
from sympy import Matrix
A = Matrix([[1,2,3,1,2],[2,4,6,3,3],
            [1,3,4,2,2],[3,5,8,2,6]])
R, piv = A.rref()          # piv = (0, 1, 3)
B = [A.col(j) for j in piv]
N = A.nullspace()
```

`piv` ಸೊನ್ನೆಯಿಂದ ಎಣಿಸುತ್ತೆ, (0, 1, 3) ಅಂದ್ರೆ ನಮ್ಮ 1, 2, 4. ನಂದು `R.col(j)` ಇತ್ತು, ಒಂದಕ್ಷರದ ತಪ್ಪು.

ಪಕ್ಕದ ಸೀಟಿನ ಗೆಳೆಯ ಬೇರೆ ದಾರೀಲಿ ಮಾಡಿ ನಲ್ ಸ್ಪೇಸ್‌ಗೆ (-1,-1,1,0,0) ಜೊತೆ (0,0,-1,1,1) ತಂದ. ಒಬ್ಬಂದು ತಪ್ಪಿರಬೇಕು ಅಂತ ಒಂದು ಗಂಟೆ ಜಗಳ ಆಡಿದ್ವಿ, ಆಮೇಲೆ ನೋಡಿದ್ರೆ ಅವನ ಎರಡನೇದು ಅಂದ್ರೆ ನನ್ನ ಎರಡನೇದರಿಂದ ಮೊದಲನೇದನ್ನ ಕಳೆದಿದ್ದು, ಅಷ್ಟೇ. ಬೇಸಿಸ್ ಎಷ್ಟು ಬೇಕಾದ್ರೂ ಇರಬಹುದು, ಒಂದೊಂದರಲ್ಲೂ ಇರೋ ವೆಕ್ಟರ್‌ಗಳ ಎಣಿಕೆ ಮಾತ್ರ ಬದಲಾಗಲ್ಲ. ನಿಜ ಹೇಳ್ಬೇಕಂದ್ರೆ ಅವನದ್ದೇ ಚೆನ್ನಾಗಿತ್ತು, c5 = c3 - c4 ಅಂತ ನೇರವಾಗಿ ಓದಬಹುದು. ಹಾಗೇ ಕಾಲಂಗಳ ಕ್ರಮ ಬದಲಿಸಿದ್ರೆ ಪಿವಟ್ ಕಾಲಂಗಳೂ ಬದಲಾಗಬಹುದು, ಯಾಕಂದ್ರೆ ಎಡದಿಂದ ಬರ್ತಾ ಹಿಂದಿನವುಗಳಿಂದ ಹುಟ್ಟದೇ ಇರೋ ಕಾಲಂಗೇ ಪಿವಟ್ ಸಿಗೋದು. ಒಟ್ಟು ಮತ್ತು ಉಳಿಕೆ ಕಾಲಂಗಳನ್ನ ಎಡಕ್ಕೆ ಇಟ್ಟಿದ್ರೆ ಅವೇ ಉಳ್ಕೊಂಡು ಅಸಲಿ ಮೀಟರ್ ರೀಡಿಂಗ್ ಹೊರಗೆ ಹೋಗ್ತಿತ್ತು. ಹಾಗಾಗಿ ನೇರವಾಗಿ ಅಳೆದ ಕಾಲಂಗಳು ಎಡಕ್ಕೆ, ಲೆಕ್ಕ ಹಾಕಿ ಬಂದವು ಬಲಕ್ಕೆ, ಆಮೇಲೇ ರಿಡಕ್ಷನ್.

ಇಷ್ಟೆಲ್ಲ ಪೂರ್ಣ ಸಂಖ್ಯೆಯ ಟೆಸ್ಟ್ ಡೇಟಾ ಮೇಲೆ. ಅಸಲಿ ರೀಡಿಂಗ್ ಬಂದಾಗ ಇನ್ನೊಂದು ತಲೆನೋವು ಶುರುವಾಯ್ತು, 300 ರೋ, ಒಂದು ದಶಮಾಂಶಕ್ಕೆ ರೌಂಡ್ ಮಾಡಿದ ಅಂಕಿಗಳು, ರ‍್ಯಾಂಕ್ ನೋಡಿದ್ರೆ 5. ನಲ್ ಸ್ಪೇಸಲ್ಲಿ ಸೊನ್ನೆ ವೆಕ್ಟರ್ ಬಿಟ್ರೆ ಏನೂ ಇಲ್ಲ! ಒಟ್ಟು ಅನ್ನೋದು ಮೊತ್ತವೇ ಅಲ್ವಾ ಅಂದ್ರೆ, ಮೊತ್ತವೇ, ಆದ್ರೆ ಮೂರನ್ನೂ ಬೇರೆ ಬೇರೆಯಾಗಿ ರೌಂಡ್ ಮಾಡಿದ್ರಿಂದ ಕೆಲವು ರೋನಲ್ಲಿ 0.1 ವ್ಯತ್ಯಾಸ ಉಳಿದಿತ್ತು, ರಿಡಕ್ಷನ್‌ಗೆ ಅಷ್ಟು ಸಾಕು, ಸೊನ್ನೆ ಅಲ್ಲದ್ದು ಪಿವಟ್ಟೇ. ಇಂಥ ಕಡೆ ರೋ ರಿಡಕ್ಷನ್ ಬಿಟ್ಟು ಸಿಂಗ್ಯುಲರ್ ವ್ಯಾಲ್ಯೂ ನೋಡಬೇಕು, ಅಂದ್ರೆ ಡೇಟಾ ಒಂದೊಂದು ದಿಕ್ಕಲ್ಲಿ ಎಷ್ಟು ಹರಡಿದೆ ಅಂತ ಹೇಳೋ ಸಂಖ್ಯೆಗಳು.

```python
import numpy as np
# ಇಲ್ಲಿ A ಅಂದ್ರೆ 300 ರೋ ಇರೋ ಅಸಲಿ ರೀಡಿಂಗಿನ numpy array, ಮೇಲಿನ sympy Matrix ಅಲ್ಲ
s = np.linalg.svd(A, compute_uv=False)
np.linalg.matrix_rank(A, tol=2.0)
```

ಒಂದು ದಶಮಾಂಶಕ್ಕೆ ರೌಂಡ್ ಮಾಡಿದ್ರೆ ಪ್ರತಿ ಅಂಕಿಯಲ್ಲೂ ತಪ್ಪು ಸುಮಾರು 0.03, ಅದನ್ನ 300ರ ವರ್ಗಮೂಲದಿಂದ ಗುಣಿಸಿದ್ರೆ 0.5 ಹತ್ತಿರ. ನಮ್ಮ `s` ನಲ್ಲಿ ಮೊದಲ ಮೂರು ನೂರರ ಮೇಲೆ, ಕೊನೇ ಎರಡು 1ಕ್ಕಿಂತ ಕಡಿಮೆ ಇದ್ವು, ಮಧ್ಯೆ ದೊಡ್ಡ ಕಂದಕ. ಅದಕ್ಕೇ `tol` 2 ಇಟ್ಟೆ, ರ‍್ಯಾಂಕ್ 3 ಬಂತು. `tol` ಕೊಡದೇ ಇದ್ರೆ ಅದು ಕಂಪ್ಯೂಟರ್ ತನ್ನ ಲೆಕ್ಕದಲ್ಲಿ ಮಾಡೋ ರೌಂಡಿಂಗ್ ತಪ್ಪಿನಷ್ಟೇ ಸಣ್ಣ ಮಿತಿ ಇಟ್ಕೊಳ್ಳುತ್ತೆ, ಮೀಟರ್ ಎಷ್ಟು ನಿಖರ ಅಂತ ಅದಕ್ಕೇನು ಗೊತ್ತು. ಇನ್ನು ಕಂದಕವೇ ಇಲ್ಲದೆ ಸಂಖ್ಯೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದ್ರೆ ರ‍್ಯಾಂಕ್ ಇಷ್ಟೇ ಅಂತ ಒಂದು ಸಂಖ್ಯೆ ಹೇಳೋಕಾಗಲ್ಲ, ನಮ್ಮ ನಲವತ್ತು ಕಾಲಂನ ಟೇಬಲ್‌ಗಳಲ್ಲಿ ಎರಡು ಹಾಗೇ ಇದ್ವು, ಅವನ್ನ ಮುಟ್ಟದೆ ಪೂರ್ತಿ ಕಾಲಂ ಉಳಿಸ್ಕೊಂಡ್ವಿ. ಉಳಿದ ಟೇಬಲ್‌ಗಳಿಗೆ ಈಗ ಫೈಲ್ ಕಳಿಸೋ ಮುಂಚೆ ಸ್ಕ್ರಿಪ್ಟೇ A ಯನ್ನ ನಲ್ ಸ್ಪೇಸ್‌ನ ಪ್ರತಿ ವೆಕ್ಟರ್‌ಗೂ ಗುಣಿಸಿ ನೋಡುತ್ತೆ, ಯಾವ ಗಂಟೇಲಾದ್ರೂ ಉತ್ತರ ಸೊನ್ನೆಯಿಂದ 0.3ಕ್ಕಿಂತ ದೂರ ಹೋದ್ರೆ ಆ ರೋ ನಂಬರ್ ಬರೆದು ನಿಲ್ಲುತ್ತೆ. ಮೊದಲ ವಾರದಲ್ಲೇ ಒಂದು ರೋ ಸಿಕ್ತು, ಆ ಸಲ ನಿಜವಾಗ್ಲೂ ಎರಡನೇ ಪೈಪಿನ ಮೀಟರ್ ಕೆಟ್ಟಿತ್ತು.