ಕತ್ತಿನ ಗೆರೆ ಅಳಿಸೋದಲ್ಲ, ಅರ್ಧಕ್ಕೆ ಇಳಿಸೋದು

"ಫಾರ್ಮಲ್ ಪೋರ್ಟ್ರೇಟ್ ರೀಟಚ್ ಮಾಡೋವಾಗ ಕತ್ತಿನ ಗೆರೆ, ಕಾಲರ್‌ಬೋನ್ ನೆರಳು, ಕತ್ತಿನ ಮೇಲಿನ ಕಲೆಗಳನ್ನ ಹೆಂಗೆ ಸಾಫ್ಟ್ ಮಾಡ್ತೀರಾ? ನಾನು ಮಾಡಿದ್ರೆ ಪ್ಲಾಸ್ಟಿಕ್ ಥರ ಆಗುತ್ತೆ."

ಬ್ಲರ್ ಮಾಡ್ತಿದ್ದೀರಾ, ಅದಕ್ಕೆ. ಗೆರೆ ಅಂದ್ರೆ ಚರ್ಮದ ಮೇಲಿರೋ ಕೊಳೆ ಅಲ್ಲ, ಅದೊಂದು ಮಡಿಕೆ, ಫೋಟೋದಲ್ಲಿ ಅದು ಕಾಣೋದು ಬೆಳಕಿನಿಂದ. ಬೆಳಕು ಮೇಲಿಂದ ಬೀಳ್ತಿದ್ರೆ ಮಡಿಕೆ ಒಳಗೆ ಒಂದು ಕಪ್ಪು ಪಟ್ಟಿ, ಅದರ ಕೆಳಗಡೆ ಅಂಚಲ್ಲಿ ಬೆಳಕು ಹಿಡಿದು ಒಂದು ತೆಳು ಬಿಳಿ ಪಟ್ಟಿ, ಹೀಗೆ ಎರಡು ಜೊತೆಯಾಗಿ ಇರುತ್ತವೆ. ಎಲ್ಲರೂ ಕಪ್ಪನ್ನ ಮಾತ್ರ ನೋಡಿ ಅದನ್ನ ಬೆಳಗಿಸ್ತಾರೆ, ಬಿಳಿ ಪಟ್ಟಿ ಹಾಗೇ ಉಳ್ಕೊಳ್ಳುತ್ತೆ, ಆಮೇಲೆ ಗೆರೆ ಹೋದ್ರೂ ಅಲ್ಲೊಂದು ದಾರ ಕಟ್ಟಿದ ಗುರುತು ಇದ್ದಂಗೆ ಕಾಣುತ್ತೆ. ಕಪ್ಪನ್ನ ಸ್ವಲ್ಪ ಏರಿಸಿ, ಬಿಳೀನ ಸ್ವಲ್ಪ ಇಳಿಸಬೇಕು. ನನ್ನ ಕೆಲಸದ ಮುಕ್ಕಾಲು ಭಾಗ ಇಷ್ಟೇ.

ಇತ್ತೀಚೆಗೆ ಮಾಡಿದ ಒಂದು ಫೋಟೋನೇ ಹೇಳ್ತೀನಿ. ಐವತ್ತು ದಾಟಿದ ಹೆಂಗಸು, ಆಫೀಸಿನ ಪೋರ್ಟ್ರೇಟ್, ಕಡು ನೀಲಿ ಕೋಟು, ಕಾಲರ್ ಸ್ವಲ್ಪ ತೆರೆದಿದೆ. ಮೈ ಒಂದು ಕಡೆ ತಿರುಗಿಸಿ ಮುಖ ಕ್ಯಾಮೆರಾ ಕಡೆ ಇಟ್ಟಿದ್ರು, ಲೈಟು ಮೇಲಿಂದ ಬಲಗಡೆ. ಕತ್ತಲ್ಲಿ ಮೂರು ಗೆರೆ, ಎರಡು ಅಡ್ಡ, ಒಂದು ಓರೆಯಾಗಿ ಕಿವಿ ಕೆಳಗಿಂದ ಇಳಿದಿರೋದು. ಮುಟ್ಟೋಕೆ ಮುಂಚೆ ಒಂದು ಪ್ರಶ್ನೆ ಕೇಳ್ಕೋತೀನಿ: ನೇರವಾಗಿ ಕೂತ್ರೂ ಇದು ಇರುತ್ತಾ? ಓರೆ ಗೆರೆ ಕತ್ತು ತಿರುಗಿಸಿದ್ದಕ್ಕೆ ಬಂದಿದ್ದು, ಅದು ಅವರದಲ್ಲ, ಭಂಗಿಯದ್ದು, ಹಾಗಾಗಿ ಪೂರ್ತಿ ತೆಗೆದೆ. ಅಡ್ಡ ಗೆರೆ ಎರಡೂ ಅವರದೇ, ಅವನ್ನ ಅರ್ಧಕ್ಕೆ ಇಳಿಸಿದೆ ಅಷ್ಟೇ. ಮೊದಮೊದಲು ನಾನೂ ಎಲ್ಲಾ ಅಳಿಸ್ತಿದ್ದೆ, ಒಂದ್ಸಲ ಗದ್ದದ ಕೆಳಗಿನ ನೆರಳನ್ನೂ ಸೇರಿಸಿ ಬೆಳಗಿಸಿಬಿಟ್ಟೆ, ದವಡೆ ಎಲ್ಲಿ ಮುಗೀತು ಕತ್ತು ಎಲ್ಲಿ ಶುರುವಾಯ್ತು ಅಂತಾನೇ ಗೊತ್ತಾಗದೆ ಮುಖ ದಪ್ಪ ಆಗಿ ಕೂತಿತ್ತು. ಆ ನೆರಳನ್ನ ಈಗ ಮುಟ್ಟೋದೇ ಇಲ್ಲ.

ಮಾಡೋ ಕ್ರಮ ಹೀಗೆ, ಫೋಟೋಶಾಪಲ್ಲಿ. ಮೊದಲು ಒಂದು ಖಾಲಿ ಲೇಯರ್ ಹಾಕಿ Healing Brush ತಗೊಂಡು Sample ಅನ್ನೋದನ್ನ Current & Below ಇಟ್ಟು ಮೊಡವೆ ಗುರುತು, ದೂಳು, ಬಟ್ಟೆ ನೂಲು, ಇಂಥ ಚಿಕ್ಕ ಚುಕ್ಕಿಗಳನ್ನ ಮಾತ್ರ ತೆಗೀರಿ. ಸೋರ್ಸ್ ಕತ್ತಿನದೇ ಆಗಿರಲಿ. ಕೆನ್ನೆ ಚರ್ಮ ತಂದು ಕತ್ತಿಗೆ ಅಂಟಿಸಿದ್ರೆ ಗೊತ್ತಾಗುತ್ತೆ, ಕೆನ್ನೆಯಲ್ಲಿ ರಂಧ್ರಗಳು ಚುಕ್ಕಿ ಚುಕ್ಕಿ, ಕತ್ತಲ್ಲಿ ಸಣ್ಣ ಗೆರೆಗಳು ಅಡ್ಡಡ್ಡ ಹರಿದಿರುತ್ತವೆ. ಓರೆ ಗೆರೆಯನ್ನೂ ಇಲ್ಲೇ ತೆಗೆದೆ, ಆದರೆ ಒಂದೇ ಉದ್ದ ಎಳೆತದಲ್ಲಿ ಅಲ್ಲ, ಚಿಕ್ಕ ಚಿಕ್ಕ ತುಂಡಾಗಿ, ಪ್ರತಿ ತುಂಡಿಗೂ ಪಕ್ಕದಿಂದಲೇ ಸೋರ್ಸ್ ತಗೊಂಡು.

ಆಮೇಲೆ ಎರಡು Curves ಲೇಯರ್. ಒಂದರಲ್ಲಿ ಮಧ್ಯದ ಬಿಂದು ಹಿಡಿದು ಸ್ವಲ್ಪ ಮೇಲಕ್ಕೆ, Input 128 ಇದ್ರೆ Output 150ರ ಆಸುಪಾಸು, ಇನ್ನೊಂದರಲ್ಲಿ ಅಷ್ಟೇ ಕೆಳಕ್ಕೆ. ಎರಡರ ಮಾಸ್ಕನ್ನೂ Ctrl+I ಒತ್ತಿ ಕಪ್ಪು ಮಾಡಿ. ಈಗ ಬಿಳಿ ಬ್ರಷ್, Hardness 0, Flow 3%, ಬ್ರಷ್ ಅಗಲ ಗೆರೆಗಿಂತ ಒಂಚೂರು ಜಾಸ್ತಿ. ಮೇಲಕ್ಕೆತ್ತಿದ ಲೇಯರಿನ ಮಾಸ್ಕಲ್ಲಿ ಕಪ್ಪು ಪಟ್ಟಿ ಮೇಲೆ, ಇಳಿಸಿದ ಲೇಯರಿನ ಮಾಸ್ಕಲ್ಲಿ ಬಿಳಿ ಪಟ್ಟಿ ಮೇಲೆ. 3% ಅಂದ್ರೆ ಮೊದಲ ನಾಲ್ಕೈದು ಸಲ ಎಳೆದಾಗ ಏನೂ ಆಗ್ಲಿಲ್ಲ ಅನ್ಸುತ್ತೆ, ಆಗಲೇ ಎಲ್ಲರೂ Flow 20 ಮಾಡ್ಕೊಂಡು ಕೆಡಿಸೋದು. ಇನ್ನೊಂದು, 300% ಝೂಮಲ್ಲಿ ಮಾಡ್ಬೇಡಿ, ಅಲ್ಲಿ ಪ್ರತಿ ರಂಧ್ರವೂ ತಪ್ಪಾಗಿ ಕಾಣುತ್ತೆ, ಅವನ್ನೆಲ್ಲ ತಿದ್ದಿ ಹೊರಗೆ ಬಂದು ನೋಡಿದ್ರೆ ಕತ್ತು ಮೇಣದ್ದಾಗಿರುತ್ತೆ. 100% ಸಾಕು, ಹತ್ತು ಎಳೆತಕ್ಕೊಂದ್ಸಲ ಪೂರ್ತಿ ಫೋಟೋ ಕಾಣೋ ಹಾಗೆ ಹೊರಗೆ ಬನ್ನಿ. ಎಲ್ಲಾ ಲೇಯರ್‌ಗಳ ಮೇಲೆ ತಾತ್ಕಾಲಿಕವಾಗಿ ಒಂದು Black & White ಲೇಯರ್ ಹಾಕ್ಕೊಂಡ್ರೆ ಬಣ್ಣ ಕಣ್ಣಿಗೆ ಮೋಸ ಮಾಡಲ್ಲ, ಬೆಳಕು ನೆರಳು ಮಾತ್ರ ಕಾಣುತ್ತೆ.

ಕಾಲರ್‌ಬೋನ್ ವಿಷಯ ಬೇರೆ. ಅದು ಮಡಿಕೆ ಅಲ್ಲ, ಮೂಳೆ, ಅದರ ಮೇಲೊಂದು ಗುಳಿ. ಗುಳಿ ತುಂಬಿಬಿಟ್ರೆ ಭುಜಕ್ಕೆ ಆಕಾರನೇ ಇರಲ್ಲ. ಇಲ್ಲಿ ನಾನು ನೆರಳಿನ ಆಳಕ್ಕಿಂತ ಅದರ ಅಂಚಿನ ಮೇಲೆ ಜಾಸ್ತಿ ಕೆಲಸ ಮಾಡ್ತೀನಿ, ಬೆಳಕಿಂದ ನೆರಳಿಗೆ ಬ್ಲೇಡಲ್ಲಿ ಕೊಯ್ದಂಗೆ ಹೋಗೋ ಜಾಗವನ್ನ ನಿಧಾನವಾಗಿ ಇಳಿಯೋ ಹಾಗೆ ಮಾಡಿದ್ರೆ ಸಾಕು, ಕಣ್ಣು ಅಲ್ಲಿಗೆ ಓಡಲ್ಲ. Info ಪ್ಯಾನೆಲ್ಲಲ್ಲಿ Lab ನೋಡ್ಕೋತೀನಿ, ಅದರಲ್ಲಿ L ಅಂದ್ರೆ ಆ ಜಾಗ ಎಷ್ಟು ಬೆಳಗಿದೆ ಅನ್ನೋದು: ಈ ಫೋಟೋದಲ್ಲಿ ಬೆಳಕಿರೋ ಕತ್ತಲ್ಲಿ L 62, ಗುಳಿಯಲ್ಲಿ 38 ಇತ್ತು. 45ಕ್ಕೆ ತಂದು ನಿಲ್ಲಿಸಿದೆ. 50 ಮಾಡಿ ನೋಡಿದೆ, ಬೂದಿ ಬಳಿದಂಗೆ ಆಯ್ತು.

ಆ ಬೂದಿ ಬಣ್ಣ ಯಾಕೆ ಬರುತ್ತೆ ಅಂದ್ರೆ ನೆರಳಿಗೆ ನೇರ ಬೆಳಕು ಬೀಳಲ್ಲ, ಸುತ್ತಲಿನದ್ದು ತಾಗಿ ಬರೋ ಬೆಳಕು ಬೀಳುತ್ತೆ, ಇಲ್ಲಿ ನೀಲಿ ಕೋಟು ಪಕ್ಕದಲ್ಲೇ ಇದೆ. ಕತ್ತಲಲ್ಲಿ ಅಡಗಿದ್ದ ಆ ಬಣ್ಣ ಬೆಳಗಿಸಿದಾಗ ಎದ್ದು ಕಾಣುತ್ತೆ, ಕಂದು ಚರ್ಮದಲ್ಲಂತೂ ಇನ್ನೂ ಬೇಗ. ಅದಕ್ಕೆ ಮೇಲೊಂದು ಖಾಲಿ ಲೇಯರ್, ಬ್ಲೆಂಡ್ ಮೋಡ್ Color, ಪಕ್ಕದ ಬೆಳಕಿರೋ ಚರ್ಮದಿಂದ ಬಣ್ಣ ತಗೊಂಡು ಮೆತ್ತಗೆ ಬಳಿದು, Opacity 30% ಸುತ್ತ.

ಶೂಟ್ ಮಾಡೋರಿಗೆ ಒಂದು ಮಾತು, ಟೆನ್ಷನ್ನಲ್ಲಿ ಭುಜ ಏರಿಸಿ ಕೂತ್ರೆ ಆ ಗುಳಿ ಇನ್ನೂ ಆಳ ಆಗುತ್ತೆ. ಉಸಿರು ಬಿಟ್ಟು ಭುಜ ಇಳಿಸಿ ಅನ್ನಿ, ಮಡಿಲ ಹತ್ರ ಒಂದು ಬಿಳಿ ಬೋರ್ಡ್ ಹಿಡೀರಿ, ನಂಗೆ ಅರ್ಧ ಗಂಟೆ ಉಳಿಯುತ್ತೆ.

ಇನ್ನು ಕೆಂಪು ತೇಪೆಗಳು. ಮುಖಕ್ಕೆ ಮೇಕಪ್ ಇತ್ತು, ಕತ್ತಿಗಿಲ್ಲ, ಕಾಲರ್ ತೆರೆದಿರೋ ಕಡೆ ಬಿಸಿಲು ತಗುಲಿ ಕೆಂಪಾಗಿತ್ತು. Hue/Saturation ಲೇಯರ್, Reds ಆರಿಸಿ, Hue ಅನ್ನ +6ರಷ್ಟು ಹಳದಿ ಕಡೆ, Saturation -10, ಮಾಸ್ಕ್ ಕಪ್ಪು ಮಾಡಿ ಕೆಂಪಿರೋ ಕಡೆ ಮಾತ್ರ ಬಿಳಿ ಬ್ರಷ್. Lightness ಮುಟ್ಟಬೇಡಿ, ಪುಡಿ ಹಚ್ಚಿದಂಗೆ ಆಗುತ್ತೆ. ಕತ್ತಿನ ಬಣ್ಣ ಹೋಲಿಸೋದು ಕೆನ್ನೆಯ ಬೆಳಕಿನ ಭಾಗಕ್ಕಲ್ಲ, ನೆರಳಿನ ಭಾಗಕ್ಕೆ, ಯಾಕಂದ್ರೆ ಕತ್ತು ಗದ್ದದ ಕೆಳಗೇ ಇದೆ, ಅದು ಮುಖಕ್ಕಿಂತ ಒಂಚೂರು ಗಾಢವಾಗಿ ಇರಲೇಬೇಕು.

ಎಲ್ಲಾ ಮುಗಿದ ಮೇಲೆ Healing Brush ಲೇಯರ್ ಒಂದು ಬಿಟ್ಟು ಉಳಿದ ಲೇಯರ್‌ಗಳನ್ನ ಒಂದು ಗ್ರೂಪಿಗೆ ಹಾಕಿ ಮಲಗಿಬಿಡ್ತೀನಿ. ಬೆಳಗ್ಗೆ ತೆಗೆದು ನೋಡಿದ್ರೆ ಈ ಫೋಟೋದಲ್ಲಿ ಕೆಳಗಿನ ಗೆರೆಯ ಎಡ ತುದಿ ಪಕ್ಕದ ಚರ್ಮಕ್ಕಿಂತ ಬೆಳ್ಳಗಾಗಿತ್ತು, ರಾತ್ರಿ ಅದೇ ಜಾಗಕ್ಕೆ ಮತ್ತೆ ಮತ್ತೆ ಬ್ರಷ್ ಎಳೆದಿದ್ದೆ. ಮಾಸ್ಕಲ್ಲಿ ಕಪ್ಪು ಬ್ರಷ್‌ನಿಂದ ಅಷ್ಟು ವಾಪಸ್ ತೆಗೆದು, ಗ್ರೂಪಿನ Opacity 80ಕ್ಕೆ ಇಳಿಸಿ ಕಳಿಸಿದೆ.