ಹತ್ತು ಕಸ್ಟಮರ್ ಅಂತ ಬರೆದಿದ್ದೆ, ಎಣಿಸಿದರೆ ಏಳು

ನಮ್ಮ ಸ್ಟಾರ್ಟಪ್‌ನ ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್‌ಗೆ ಹತ್ತನೇ ಕಸ್ಟಮರ್ ಸೈನ್‌ಅಪ್ ಆದ ದಿನ ಪೋಸ್ಟ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅರ್ಧ ಗಂಟೆಯಲ್ಲಿ ಮುಗಿಸಿದೆ. "ಮೂರೇ ತಿಂಗಳು, ಹತ್ತು ಕಸ್ಟಮರ್! ನಮ್ಮ ತಂಡದ ಬಗ್ಗೆ ಹೆಮ್ಮೆಯಾಗುತ್ತಿದೆ" ಅಂತ ಶುರು. ಫೌಂಡರ್ ಓದಿ ಖುಷಿಯಾದರು, ಸಂಜೆ ಐದಕ್ಕೆ ಹಾಕಿಬಿಡಿ ಅಂದರು.

ನಾಲ್ಕೂವರೆಗೆ ಸೇಲ್ಸ್ ನೋಡುವ ಸಹೋದ್ಯೋಗಿ ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ದುಡ್ಡು ಕೊಟ್ಟವರು ಎಷ್ಟು ಜನ?"

ಶೀಟ್ ತೆರೆದೆ. ಇನ್‌ವಾಯ್ಸ್ ಕಾಲಂನಲ್ಲಿ ಮೂರು ಸಾಲು ಖಾಲಿ. ಮೂರೂ ಫ್ರೀ ಪೈಲಟ್, ಅಂದರೆ ದುಡ್ಡು ಕೊಡದೆ ಬಳಸಿ ನೋಡುತ್ತಿದ್ದವರು. ಅದರಲ್ಲಿ ಒಬ್ಬರು ಎರಡು ವಾರದಿಂದ ಲಾಗಿನ್ನೇ ಆಗಿಲ್ಲ. ಕೈ ತಣ್ಣಗಾಯಿತು. ಸೈನ್‌ಅಪ್ ಆದವರನ್ನೆಲ್ಲ ನಾನು ಕಸ್ಟಮರ್ ಅಂತ ಎಣಿಸಿದ್ದೆ. ಪೋಸ್ಟ್ ತಡೆಹಿಡಿದೆ.

ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿದೆ: ಇವರು ನಮ್ಮ ಹತ್ತಿರ ಬಂದದ್ದು ಹೇಗೆ? ಉಳಿದ ಏಳರಲ್ಲಿ ಐವರು ಫೌಂಡರ್ ಜೊತೆ ಹಿಂದೆ ಕೆಲಸ ಮಾಡಿದವರು. ಒಬ್ಬರನ್ನು ಆ ಐವರಲ್ಲೇ ಒಬ್ಬರು ಕಳಿಸಿದ್ದು. ನಮ್ಮ ಪರಿಚಯವೇ ಇಲ್ಲದೆ ಬಂದವರು ಒಬ್ಬರೇ, ಕೋಲ್ಡ್ ಮೇಲ್‌ನಿಂದ. 120 ಮೇಲ್‌ಗೆ 9 ಉತ್ತರ, 3 ಡೆಮೊ, 1 ಇನ್‌ವಾಯ್ಸ್.

ನಿಜವಾಗಿ ಹೇಳಬೇಕಾದ ವಿಷಯ ಈ ಒಂದೇ ಸಾಲಿನಲ್ಲಿತ್ತು. ಪರಿಚಯದವರು ಸಾಫ್ಟ್‌ವೇರ್ ನೋಡಿ ಕೊಂಡರೋ, ಫೌಂಡರ್ ಮುಖ ನೋಡಿ ಕೊಂಡರೋ, ಶೀಟ್ ಹೇಳುವುದಿಲ್ಲ. ಅಪರಿಚಿತರು ಸುಮ್ನೆ ದುಡ್ಡು ಕೊಡುವುದಿಲ್ಲ, ಅಲ್ವಾ? ಕೋಲ್ಡ್ ಮೇಲ್‌ನಿಂದ ಬಂದ ಆ ಒಬ್ಬರಿಗೇ ಫೋನ್ ಮಾಡಿ ಕೇಳಿದೆ. "ನಿಮ್ಮ ಫೀಚರ್ ಲಿಸ್ಟ್ ನಾನು ಓದಿಲ್ಲ ಮೇಡಂ. ತಿಂಗಳ ಕೊನೆಗೆ ಸ್ಟಾಕ್ ತಾಳೆಯಾಗದೆ ಎಷ್ಟು ಹೊತ್ತು ಕೂರ್ತೀರಿ ಅಂತ ಕೇಳಿದ್ರಲ್ಲ, ಅದಕ್ಕೇ ಉತ್ತರ ಕೊಟ್ಟಿದ್ದು" ಅಂದರು. ಅವರ ಹಳೇ ಎಕ್ಸೆಲ್ ಫೈಲುಗಳನ್ನು ನಮ್ಮ ಡೆವಲಪರ್ ಎರಡು ಸಂಜೆ ಕೂತು ನಮ್ಮ ಸಾಫ್ಟ್‌ವೇರ್‌ಗೆ ಕೈಯಾರೆ ತುಂಬಿಸಿದ್ದರು. ಅದಾದ ಮೇಲೇ ಅವರು ದುಡ್ಡು ಕಟ್ಟಿದ್ದು.

ಹೊಸ ಪೋಸ್ಟ್ ಹೀಗೆ ಶುರುವಾಯಿತು: "ಏಳು ಜನ ದುಡ್ಡು ಕೊಟ್ಟಿದ್ದಾರೆ. ಆರು ಜನ ಪರಿಚಯದಿಂದ ಬಂದವರು. ಏಳನೆಯವರು ಬಂದದ್ದು ಹೇಗೆ ಅಂತ ಬರೆಯುತ್ತಿದ್ದೇವೆ." ಮೇಲ್‌ನ ಆ ಪ್ರಶ್ನೆಯನ್ನು ಇದ್ದ ಹಾಗೇ ಹಾಕಿದೆ. ಎಕ್ಸೆಲ್ ತುಂಬಿಸುವ ಕೆಲಸ ಐವತ್ತು ಕಸ್ಟಮರ್‌ಗೆ ಕೈಯಲ್ಲಿ ಆಗುವುದಿಲ್ಲ, ಒಬ್ಬರನ್ನು ನೋಡಿ ಇದೇ ದಾರಿ ಅನ್ನಲೂ ಆಗುವುದಿಲ್ಲ ಅಂತ ಅಲ್ಲೇ ಬರೆದೆ. ಕಸ್ಟಮರ್ ಹೆಸರು ಬೇಡ ಅಂದರು, ತೆಗೆದೆ.

ಫೌಂಡರ್‌ಗೆ ಏಳು ಅನ್ನುವುದು ಚಿಕ್ಕದಾಗಿ ಕಂಡಿತು. "ಪೈಲಟ್‌ನವರು ಇದನ್ನು ಓದಿ, ನಾವು ಯಾವಾಗ ಕಸ್ಟಮರ್ ಆದ್ವಿ ಅಂತ ಕೇಳಿದರೆ ಏನು ಹೇಳ್ತೀರಿ ಸಾರ್?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಕಿ ಅಂದರು. ಆಗ ರಾತ್ರಿ ಎಂಟಾಗಿತ್ತು.